ಹಂಪಿಗೆ ಬಂದ ರಾಯಭಾರಿ, ಬಾದಾಮಿಗೆ ಬಾರದ ಯಾತ್ರಿಕ

(ನಮ್ಮೂರ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಮಾತಾಡಿದ್ದು. ಬರೆದು ಕೊಡಿ ಅಂತ ಕೆಲವರು ಕೇಳಿದರು. ಮಾತಿನಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಇಲ್ಲಿ ಸೇರಿಸಿದ್ದೇನೆ.)

ಹಂಪಿಗೆ ಹೋದವರೆಲ್ಲ ಈ ಮಾತು ಕೇಳಿರುತ್ತೀರಿ. "ಇದೇ ಬೀದೀಲಿ ಮುತ್ತು ರತ್ನಗಳನ್ನು ಬಳ್ಳದಲ್ಲಿ ಅಳೆದು ಮಾರುತ್ತಿದ್ದರು." ಯಾರು ಹೇಳಿದ್ದು ಅಂತ ಕೇಳಿದರೆ ವಿದೇಶಿ ಪ್ರವಾಸಿಗರು ಬರೆದಿದ್ದಾರೆ ಅನ್ನುತ್ತಾರೆ. ಯಾವ ಪ್ರವಾಸಿಗ ಅಂದರೆ ಅಬ್ದುಲ್ ರಜಾಕ್ ಅನ್ನುತ್ತಾರೆ. ಅವನ ಬರಹ ತೆಗೆದು ನೋಡಿದರೆ ಅಲ್ಲಿ ಬಳ್ಳವೂ ಇಲ್ಲ, ಸೇರೂ ಇಲ್ಲ. ಬಜಾರಿನಲ್ಲಿ ಮುತ್ತು, ಮಾಣಿಕ್ಯ, ಪಚ್ಚೆ, ವಜ್ರಗಳನ್ನು ಬಹಿರಂಗವಾಗಿ ಮಾರುತ್ತಾರೆ ಅಂತ ಇದೆ, ಅಷ್ಟೆ. ಅಳತೆಯ ಬಳ್ಳ ನಾವು ಸೇರಿಸಿದ್ದು. ಅದು ಅವನ ತಪ್ಪಲ್ಲ, ನಮ್ಮದು. ಆದರೆ ಅವನದೇ ಆದ ತಪ್ಪುಗಳೂ ಇವೆ. ಇವತ್ತು ಮಾತಾಡೋದು ಅವುಗಳ ಬಗ್ಗೆ.

ಇಬ್ಬರನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಒಬ್ಬ ರಾಯಭಾರಿ, ಇನ್ನೊಬ್ಬ ಯಾತ್ರಿಕ. ರಾಯಭಾರಿಯದೇ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಅವನ ಮಾತನ್ನು ಒರೆಗೆ ಹಚ್ಚಲು ನಮ್ಮ ಹತ್ತಿರ ಕಲ್ಲು, ಶಾಸನ, ಪಂಚಾಂಗ ಎಲ್ಲವೂ ಇವೆ.

ಅಬ್ದುಲ್ ರಜಾಕ್ ಹೆರಾತ್ ಊರಿನವನು. ಇವತ್ತಿನ ಅಫ್ಘಾನಿಸ್ತಾನದ ಪಶ್ಚಿಮ ಭಾಗದಲ್ಲಿದೆ ಆ ಊರು. ತೈಮೂರನ ಮಗ ಶಾರುಖ್ ಅಲ್ಲಿ ರಾಜ. ಅವನ ಅಪ್ಪಣೆಯಂತೆ ರಜಾಕ್ 1442ರ ಜನವರಿಯಲ್ಲಿ ಮನೆ ಬಿಟ್ಟ. ಅವನನ್ನು ಕಳಿಸಿದ್ದು ವಿಜಯನಗರಕ್ಕಲ್ಲ, ಕಲ್ಲಿಕೋಟೆಗೆ. ಹರ್ಮುಜ್ ಬಂದರಿನಿಂದ ಹಡಗು ಹತ್ತಿ, ಒಮಾನ್ ಕರಾವಳಿಯಲ್ಲಿ ಸಿಕ್ಕಿಹಾಕಿಕೊಂಡು, ಬೇಸಗೆಯ ಧಗೆಯಲ್ಲಿ ಕಾಯಿಲೆ ಬಿದ್ದು, ಕೊನೆಗೆ ನವೆಂಬರಿನಲ್ಲಿ ಕಲ್ಲಿಕೋಟೆಗೆ ಬಂದಿಳಿದ. ಊರು ಅವನಿಗೆ ಒಂಚೂರೂ ಹಿಡಿಸಲಿಲ್ಲ. ಜನ ಹಿಡಿಸಲಿಲ್ಲ, ಅವರ ಉಡುಗೆ ಹಿಡಿಸಲಿಲ್ಲ, ಅಲ್ಲಿನ ರಾಜ ಸಾಮೂದಿರಿಯ ಆಸ್ಥಾನವೂ ಹಿಡಿಸಲಿಲ್ಲ. ಬಂದ ಕೆಲಸವೂ ಆಗಲಿಲ್ಲ. ಹೀಗೆ ಬೇಸತ್ತು ಕೂತಿದ್ದಾಗ ವಿಜಯನಗರದಿಂದ ಕಾಗದ ಬಂತು: ಆ ರಾಯಭಾರಿಯನ್ನು ನಮ್ಮ ಹತ್ತಿರ ಕಳಿಸಿ. ಕರೆದದ್ದು ಪ್ರೌಢದೇವರಾಯ, ಅಂದರೆ ಇಮ್ಮಡಿ ದೇವರಾಯ. ರಜಾಕ್ ಮಂಗಳೂರಿಗೆ ಬಂದು, ಘಟ್ಟ ಹತ್ತಿ, 1443ರ ಏಪ್ರಿಲ್ ಕೊನೆಯಲ್ಲಿ ವಿಜಯನಗರ ಮುಟ್ಟಿದ.

ಇದನ್ನು ಮೊದಲೇ ನೆನಪಿಟ್ಟುಕೊಳ್ಳಿ. ಅವನ ಕಣ್ಣಿಗೆ ವಿಜಯನಗರ ಅಷ್ಟು ಹೊಳೆದದ್ದಕ್ಕೆ ಹಿಂದಿನ ಐದು ತಿಂಗಳ ಬೇಸರವೂ ಒಂದು ಕಾರಣ. "ಕಣ್ಣು ಅಂಥ ಊರನ್ನು ಕಂಡಿಲ್ಲ, ಕಿವಿ ಕೇಳಿಲ್ಲ" ಎಂಬ ಅರ್ಥದ ಅವನ ಮಾತನ್ನು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಅದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ಪಾರ್ಸಿ ಗದ್ಯದಲ್ಲಿ ದೊಡ್ಡ ಊರನ್ನು ಹೊಗಳುವ ರೀತಿಯೇ ಹಾಗೆ. ನಮ್ಮ ಚಂಪೂ ಕಾವ್ಯಗಳಲ್ಲಿ ಪ್ರತಿಯೊಂದು ಪಟ್ಟಣವೂ ಅಮರಾವತಿಯನ್ನು ನಾಚಿಸುತ್ತದಲ್ಲ, ಹಾಗೆ. ಆ ವಾಕ್ಯದಿಂದ ಇತಿಹಾಸ ಬರೆಯುವವರಿಗೆ ಏನೂ ಸಿಗುವುದಿಲ್ಲ. ಸಿಗುವುದು ಅದರ ಮುಂದಿನ ವಾಕ್ಯಗಳಲ್ಲಿ.

ಇನ್ನೊಂದು ವಿಷಯ. ಅವನು ಇದನ್ನು ಹಂಪಿಯಲ್ಲಿ ಕೂತು ಬರೆಯಲಿಲ್ಲ. ಊರಿಗೆ ಮರಳಿ ಇಪ್ಪತ್ತು ವರ್ಷಕ್ಕೂ ಮೇಲೆ ಕಳೆದ ಮೇಲೆ, ತೈಮೂರ್ ಮನೆತನದ ದೊಡ್ಡ ಇತಿಹಾಸವೊಂದನ್ನು ಬರೆದ. ಅದರ ಒಳಗಿನ ಒಂದು ಭಾಗ ಈ ಪ್ರವಾಸ. ತಾರೀಖುಗಳು ಅಷ್ಟು ಕರಾರುವಾಕ್ಕಾಗಿ ಇರುವುದು ನೋಡಿದರೆ ಏನೋ ಟಿಪ್ಪಣಿ ಇಟ್ಟುಕೊಂಡಿರಬೇಕು ಅನಿಸುತ್ತದೆ. ಆದರೂ ನೆನಪು ಟಿಪ್ಪಣಿಯನ್ನು ತಿದ್ದಿಬಿಡುತ್ತದೆ. ಅದಕ್ಕೆ ಒಂದು ಉದಾಹರಣೆ ಆಮೇಲೆ ಬರುತ್ತದೆ.

ಈಗ ಕೋಟೆಗೆ ಬರೋಣ. ವಿಜಯನಗರಕ್ಕೆ ಏಳು ಸುತ್ತಿನ ಕೋಟೆ, ಒಂದರೊಳಗೆ ಒಂದು ಅನ್ನುತ್ತಾನೆ ರಜಾಕ್. ಹೊರಗೋಡೆಯ ಉತ್ತರದ ಬಾಗಿಲಿನಿಂದ ದಕ್ಷಿಣದ ಬಾಗಿಲಿಗೆ ಎರಡು ಫರ್ಸಖ್. ಒಂದು ಫರ್ಸಖ್ ಅಂದರೆ ಸುಮಾರು ಆರು ಕಿಲೋಮೀಟರ್. ಒಟ್ಟು ಹನ್ನೆರಡು. ಇವತ್ತು ಹಂಪಿಯಿಂದ ಹೊಸಪೇಟೆಗೆ ಬಸ್ಸಿನಲ್ಲಿ ಹೋಗುವ ದೂರ ಹೆಚ್ಚು ಕಡಿಮೆ ಅಷ್ಟೇ. ಅಂದರೆ ಈ ಅಂಕಿ ಉಪ್ಪು ಖಾರ ಹಚ್ಚಿದ್ದಲ್ಲ. ಮೊದಲ ಮೂರು ಸುತ್ತುಗಳ ನಡುವೆ ಹೊಲ, ತೋಟ, ಮನೆಗಳಿವೆ, ಮೂರರಿಂದ ಏಳರವರೆಗೆ ಅಂಗಡಿ ಬಜಾರು ಒತ್ತೊತ್ತಾಗಿವೆ ಅನ್ನುತ್ತಾನೆ. ಇದೂ ನೆಲದ ಮೇಲೆ ಹೊಂದುತ್ತದೆ. ಹಂಪಿಯ ಕೋಟೆಗಳೊಳಗೆ ಇವತ್ತೂ ಕಾಲುವೆ, ಗದ್ದೆ, ಬಾಳೆತೋಟ ಇವೆಯಲ್ಲ.

ಹಾಗಾದರೆ ಏಳು ಸುತ್ತು ಎಲ್ಲಿ? ಪುರಾತತ್ವದವರು ಅಲ್ಲಿ ವರ್ಷಗಟ್ಟಲೆ ಅಳೆದಿದ್ದಾರೆ. ಗೋಡೆಗಳು ಬೇಕಾದಷ್ಟಿವೆ. ಗುಡ್ಡದಿಂದ ಗುಡ್ಡಕ್ಕೆ ಹೋಗಿವೆ, ಕೆಲವು ಕಣಿವೆಗೆ ಅಡ್ಡ ಹಾಕಿವೆ, ಕೆಲವು ಬಂಡೆಗೆ ಬಂದು ನಿಂತುಬಿಡುತ್ತವೆ. ಈರುಳ್ಳಿ ಸಿಪ್ಪೆಯ ಹಾಗೆ ಒಂದರೊಳಗೊಂದು ಏಳು ಸುತ್ತು ಅಂತ ಎಣಿಸಲು ಆಗುವುದಿಲ್ಲ. ನನಗನಿಸುವುದು ಹೀಗೆ. ರಜಾಕ್ ಹಕ್ಕಿಯ ಹಾಗೆ ಮೇಲಿನಿಂದ ನೋಡಲಿಲ್ಲ. ಅವನು ಒಂದು ದಾರಿಯಲ್ಲಿ ಬಂದ. ಆ ದಾರಿಯಲ್ಲಿ ಬಾಗಿಲ ಮೇಲೆ ಬಾಗಿಲು ಸಿಕ್ಕವು. ದಾರಿಯ ಮೇಲಿನ ಬಾಗಿಲುಗಳನ್ನು ಎಣಿಸಿ ಅಷ್ಟು ಸುತ್ತು ಕೋಟೆ ಅಂತ ಬರೆದ. ಜೊತೆಗೆ ಏಳು ಎಂಬ ಸಂಖ್ಯೆಯ ಸೆಳೆತ ಬೇರೆ. ಪಾರ್ಸಿಯವರಿಗೆ ಲೋಕವೇ ಏಳು ಭಾಗ. ನಮಗೂ ದೊಡ್ಡ ಕೋಟೆ ಅಂದರೆ ಏಳು ಸುತ್ತಿನ ಕೋಟೆ, ಚಿತ್ರದುರ್ಗದವರನ್ನು ಕೇಳಿ. ಅವನನ್ನು ಕರೆದುಕೊಂಡು ಹೋದ ಯಾರೋ ಕನ್ನಡಿಗ ಹಾಗೆ ಹೇಳಿರಲೂಬಹುದು.

ಅದೇ ಪುಟದಲ್ಲಿ ಇನ್ನೊಂದು ಮಾತಿದೆ, ಯಾರೂ ಅಷ್ಟಾಗಿ ಎತ್ತಿ ಹೇಳುವುದಿಲ್ಲ. ಹೊರಕೋಟೆಯ ಸುತ್ತ ಆಳೆತ್ತರದ ಕಲ್ಲುಗಳನ್ನು ಅರ್ಧ ಹೂತು ಅರ್ಧ ಹೊರಗೆ ಬಿಟ್ಟು, ಒಂದರ ಪಕ್ಕ ಒಂದು ನೆಟ್ಟಿದ್ದಾರೆ, ಕುದುರೆಯಾಗಲಿ ಕಾಲಾಳಾಗಲಿ ಸುಲಭವಾಗಿ ಒಳನುಗ್ಗಲು ಆಗದು ಅಂತ. ಓದಿದರೆ ಕಟ್ಟುಕತೆ ಅನಿಸುತ್ತದೆ. ಆದರೆ ಹಂಪಿಯ ಸುತ್ತಮುತ್ತ ಸರ್ವೇ ಮಾಡಿದವರಿಗೆ ಗೋಡೆಗಳ ಹೊರಗೆ ಇಂಥ ಕಲ್ಲುಗಳ ಹಾಸು ನಿಜವಾಗಿಯೂ ಸಿಕ್ಕಿದೆ. ಕುದುರೆ ದಾಳಿ ತಡೆಯಲು ನೆಟ್ಟ ಕಲ್ಲುಗಳು. ಕುದುರೆ ಮೇಲೆ ಓಡಾಡುವ ನಾಡಿನಿಂದ ಬಂದವನ ಕಣ್ಣಿಗೆ ಅವು ಬೀಳದೆ ಇರುತ್ತವೆಯೇ?

ಅಳತೆಗಳನ್ನು ಓದುವಾಗ ಅವನ ಕೋಲು ಯಾವುದು ಅಂತಲೂ ನೋಡಬೇಕು. ಒಳಗಿನ ಏಳನೆಯ ಕೋಟೆ ಹೆರಾತ್‌ನ ಬಜಾರಿನ ಹತ್ತರಷ್ಟು ದೊಡ್ಡದು ಅನ್ನುತ್ತಾನೆ. ಅವನು ಬರೆಯುತ್ತಿರುವುದು ಹೆರಾತ್‌ನಲ್ಲಿ ಕೂತು ಓದುವವರಿಗೆ. ನಾವು "ನಮ್ಮ ಕೆರೆಗಿಂತ ಹತ್ತು ಪಾಲು ದೊಡ್ಡದು ಕಣಯ್ಯ" ಅಂದ ಹಾಗೆ. ಆ ಹತ್ತನ್ನು ಹಿಡಿದು ಚದರ ಅಡಿ ಲೆಕ್ಕ ಹಾಕಬಾರದು.

ದೊಡ್ಡ ಅಂಕಿಗಳ ಕತೆ ಇನ್ನೂ ಸ್ವಾರಸ್ಯ. ರಾಜನ ಸೈನ್ಯ ಹನ್ನೊಂದು ಲಕ್ಷ. ಬಂದರುಗಳು ಮುನ್ನೂರು, ಒಂದೊಂದೂ ಕಲ್ಲಿಕೋಟೆಯಷ್ಟು. ರಾಜ್ಯ ಸಿಂಹಳದ ಗಡಿಯಿಂದ ಕಲಬುರ್ಗಿಯವರೆಗೆ, ಬಂಗಾಳದಿಂದ ಮಲಬಾರಿನವರೆಗೆ. ಇದರಲ್ಲಿ ಕಲಬುರ್ಗಿ ಸರಿ, ಆ ಕಡೆ ಬಹಮನಿಗಳಿದ್ದರು. ಬಂಗಾಳ ಖಂಡಿತ ತಪ್ಪು. ನಡುವೆ ಒರಿಸ್ಸಾದ ಗಜಪತಿಗಳಿದ್ದರು, ಕಪಿಲೇಂದ್ರ ಆಗಲೇ ಪಟ್ಟಕ್ಕೆ ಬಂದಿದ್ದ. ಬಂದರಿನದ್ದು ನೋಡಿ. ರಜಾಕ್ ಕಂಡ ಬಂದರುಗಳನ್ನು ಬೆರಳಲ್ಲಿ ಎಣಿಸಬಹುದು: ಕಲ್ಲಿಕೋಟೆ, ಮಂಗಳೂರು, ಬಾರಕೂರು, ಹೊನ್ನಾವರದಂಥ ಕೆಲವು. ಉಳಿದದ್ದು ಆಸ್ಥಾನದಲ್ಲಿ ಕೇಳಿದ್ದು. ಆಸ್ಥಾನದವರು ಬೇರೆ ದೇಶದ ರಾಯಭಾರಿಗೆ ತಮ್ಮ ಸೈನ್ಯ ಕಮ್ಮಿ ಅಂತ ಹೇಳುತ್ತಾರಾ? ಹೇಳಿಸಿಕೊಂಡವನಿಗೂ ದೊಡ್ಡ ಅಂಕಿಯೇ ಬೇಕು. ಅಷ್ಟು ದೊಡ್ಡ ರಾಜ ನಮ್ಮ ಶಾರುಖ್ ಬಾದಶಹನ ದೂತನನ್ನು ತಾನಾಗಿ ಕರೆಸಿಕೊಂಡ ಅಂದರೆ ಬಾದಶಹನ ಘನತೆಯೇ ಅಲ್ವಾ ಹೆಚ್ಚುವುದು? ಹೇಳುವವನಿಗೂ ಕೇಳುವವನಿಗೂ ಒಂದೇ ಸುಳ್ಳು ಲಾಭ ತರುವ ಜಾಗ ಇದು. ರಾಯಭಾರಿಗಳ ಬರಹದಲ್ಲಿ ಇಂಥ ಜಾಗಗಳಲ್ಲೇ ನಾನು ಪೆನ್ಸಿಲ್ ಗುರುತು ಹಾಕಿಕೊಳ್ಳುವುದು.

ಅದೇ ಕೈಯಿಂದ ಬಂದ ಇನ್ನೊಂದು ಲೆಕ್ಕ ನೋಡಿ. ಅರಮನೆಯಿಂದ ಅವನಿಗೆ ದಿನಾ ಬರುತ್ತಿದ್ದ ಪಡಿ: ಎರಡು ಕುರಿ, ನಾಲ್ಕು ಜೊತೆ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಎರಡು ವರಹ. ಆ ಮಣ ನಮ್ಮ ಅಜ್ಜಂದಿರ ಮಣ ಅಲ್ಲ, ಅದಕ್ಕಿಂತ ಬಹಳ ಚಿಕ್ಕದು. ಸದ್ಯಕ್ಕೆ ಅದು ಬಿಡಿ. ಈ ಪಟ್ಟಿಯನ್ನು ನಾನು ನಂಬುತ್ತೇನೆ. ಯಾಕೆಂದರೆ ಇದು ಅವನ ಮನೆ ಬಾಗಿಲಿಗೆ ದಿನಾ ಬಂದದ್ದು. ಮೇಲಾಗಿ ಮುಂದೆ ಇದೇ ಪಡಿ ನಿಂತುಹೋಯಿತು ಅಂತ ಅವನೇ ದೂರುತ್ತಾನೆ. ಹರ್ಮುಜ್‌ನ ವ್ಯಾಪಾರಿಗಳು ರಾಜನ ಕಿವಿ ಕಚ್ಚಿದರಂತೆ, ಇವನು ನಿಜವಾದ ರಾಯಭಾರಿ ಅಲ್ಲ, ಸುಮ್ನೆ ವೇಷ ಅಂತ. ಅವನ ಪರವಾಗಿದ್ದ ಮಂತ್ರಿ ದಣ್ಣಾಯಕ ದಂಡೆತ್ತಿ ಹೋದಾಗ, ಬದಲಿಗೆ ಬಂದ ಅಧಿಕಾರಿ ಪಡಿ ಕಡಿದ. ತನಗಾದ ಅವಮಾನವನ್ನು ಯಾರೂ ಹೊಗಳಿಕೆಗಾಗಿ ಕಟ್ಟಿ ಬರೆಯುವುದಿಲ್ಲ.

ರಾಜನ ಭೇಟಿಯ ಭಾಗವೂ ಹಾಗೇ. ನಲವತ್ತು ಕಂಬದ ಸಭೆ. ರಾಜ ತೆಳ್ಳಗೆ, ಎತ್ತರ, ವಯಸ್ಸು ಚಿಕ್ಕದು, ಕೆನ್ನೆ ಮೇಲೆ ಸಣ್ಣಗೆ ಕೂದಲು, ಗಲ್ಲದ ಮೇಲೆ ಇಲ್ಲ. ವಾರಕ್ಕೆರಡು ಸಲ ಸಂಜೆ ಕರೆಸಿಕೊಂಡು ಶಾರುಖನ ಬಗ್ಗೆ ವಿಚಾರಿಸುತ್ತಿದ್ದ. ಹೊರಡುವಾಗ ವೀಳ್ಯ, ಪಣಗಳ ಒಂದು ಚೀಲ, ಸ್ವಲ್ಪ ಪಚ್ಚಕರ್ಪೂರ. ಒಂದು ಸಲ ರಾಜ ಹೇಳಿದನಂತೆ: ನಿಮ್ಮ ರಾಜರು ರಾಯಭಾರಿಯನ್ನು ಜೊತೆಗೆ ಕೂರಿಸಿಕೊಂಡು ಊಟ ಹಾಕುತ್ತಾರೆ. ನಾವೂ ನೀವೂ ಒಟ್ಟಿಗೆ ಉಣ್ಣುವ ಹಾಗಿಲ್ಲ, ಈ ಚಿನ್ನದ ಚೀಲವೇ ನಾವು ನಿಮಗೆ ಹಾಕುವ ಊಟ. ಮಡಿ ಮೈಲಿಗೆ ಬಗ್ಗೆ ಹತ್ತು ಪುಟ ಬರೆದರೂ ಇಷ್ಟು ಚೆನ್ನಾಗಿ ಹೇಳಲು ಆಗುವುದಿಲ್ಲ. ನಮ್ಮ ಶಾಸನಗಳಲ್ಲಿ ಇಂಥದ್ದು ಒಂದೂ ಸಿಗುವುದಿಲ್ಲ. ಶಾಸನ ಬರೆಸುವವನಿಗೆ ಇದು ದಿನದ ಮಾತು, ಬರೆಯುವಂಥದ್ದೇನಿದೆ ಅದರಲ್ಲಿ. ಹೊರಗಿನವನಿಗೆ ಮಾತ್ರ ಇದು ಕಾಣುತ್ತದೆ.

ಈಗ ಆಗಲೇ ಹೇಳಿದ ನೆನಪಿನ ಉದಾಹರಣೆ. ಮಹಾನವಮಿ ದಿಬ್ಬದ ಮೇಲೆ ನಿಂತು ಗೈಡುಗಳು ಹೇಳುವ ವರ್ಣನೆಯಲ್ಲಿ ಅರ್ಧ ರಜಾಕನದು. ಸಾವಿರ ಆನೆ, ಅಂತಸ್ತು ಅಂತಸ್ತಿನ ಮಂಟಪಗಳು, ಹಾಡು ಕುಣಿತ, ತೊಲೆಯ ಮೇಲೆ ನಿಂತು ಆಟ ತೋರಿಸುವ ಆನೆ. ಹಬ್ಬದ ಹೆಸರನ್ನೂ ಮಹಾನವಮಿ ಅಂತ ಓದಬಹುದಾದ ಹಾಗೆ ಬರೆದಿದ್ದಾನೆ. ಆದರೆ ಅದು ನಡೆದದ್ದು ರಜಬ್ ತಿಂಗಳಲ್ಲಿ, ಮೂರು ದಿನ ಅನ್ನುತ್ತಾನೆ. ಇಲ್ಲಿ ಪಂಚಾಂಗ ತೆಗೆಯಬೇಕು. ಹಿಜರಿ 847ರ ರಜಬ್ ಶುರುವಾದದ್ದು 1443ರ ಅಕ್ಟೋಬರ್ 25ರ ಹೊತ್ತಿಗೆ. ಅಮಾವಾಸ್ಯೆ ಅದಕ್ಕೆ ಎರಡು ದಿನ ಮುಂಚೆ. ಅದು ದೀಪಾವಳಿಯ ಅಮಾವಾಸ್ಯೆ. ಅಂದರೆ ರಜಬ್ ಮತ್ತು ನಮ್ಮ ಕಾರ್ತಿಕ ಒಟ್ಟೊಟ್ಟಿಗೆ ಶುರುವಾಗಿವೆ. ಮಹಾನವಮಿ ಆಶ್ವಯುಜದಲ್ಲಿ, ಆ ವರ್ಷ ಅಕ್ಟೋಬರ್ ಮೊದಲ ವಾರದಲ್ಲೇ ಮುಗಿದುಹೋಗಿತ್ತು. ಹಾಗಾಗಿ ಅವನು ಹೇಳುವ ತಿಂಗಳು, ಹೇಳುವ ಹೆಸರು ಎರಡೂ ಒಟ್ಟಿಗೆ ಸರಿ ಇರಲು ಸಾಧ್ಯವಿಲ್ಲ.

ವಿಜಯನಗರದ ಇತಿಹಾಸ ಬರೆದ ರಾಬರ್ಟ್ ಸೀವೆಲ್ ನೂರು ವರ್ಷಕ್ಕೂ ಹಿಂದೆಯೇ ಇದನ್ನು ಗಮನಿಸಿ, ಅದು ಕಾರ್ತಿಕ ಪಾಡ್ಯದ ಹಬ್ಬ ಇರಬೇಕು ಅಂದಿದ್ದ. ಇರಬಹುದು. ಅಥವಾ ಎರಡು ಹಬ್ಬಗಳೂ ಇಪ್ಪತ್ತು ವರ್ಷದ ನೆನಪಿನಲ್ಲಿ ಬೆರೆತು ಒಂದಾಗಿರಬಹುದು. ಏಪ್ರಿಲಿನಿಂದ ಡಿಸೆಂಬರ್ 5ರವರೆಗೆ ಅವನು ಅಲ್ಲೇ ಇದ್ದ, ಎರಡನ್ನೂ ನೋಡಿಯೇ ಇರುತ್ತಾನೆ. ನನ್ನ ಒಲವು ಎರಡನೆಯದರ ಕಡೆ. ಸುಮಾರು ಎಂಬತ್ತು ವರ್ಷದ ಮೇಲೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯಸ್ ಮಹಾನವಮಿಯನ್ನು ಒಂಬತ್ತು ದಿನದ ಹಬ್ಬ ಅಂತಲೇ ಬರೆಯುತ್ತಾನೆ, ಮೂರು ದಿನ ಅಲ್ಲ. ಆನೆ, ಮಂಟಪ ಎಲ್ಲ ನಿಜವೇ ಇರಲಿ. ಅದನ್ನು ಆ ದಿಬ್ಬಕ್ಕೆ, ಆ ದಿನಕ್ಕೆ ಕಟ್ಟಿಹಾಕುವ ಮುಂಚೆ ಸ್ವಲ್ಪ ತಡೆಯಬೇಕು.

ರಜಾಕ್ ಕಣ್ಣಾರೆ ನೋಡದೆ ಬರೆದ ಒಂದು ಘಟನೆ ಇದೆ. ಅದರಲ್ಲಿ ಮಾತ್ರ ಅವನೇ ಗೆಲ್ಲುತ್ತಾನೆ. ಅವನಿನ್ನೂ ಕಲ್ಲಿಕೋಟೆಯಲ್ಲಿದ್ದಾಗ ರಾಜನ ತಮ್ಮ ಹೊಸ ಮನೆ ಕಟ್ಟಿಸಿ ಊಟಕ್ಕೆ ಕರೆದ. ಸರದಾರರು ಬಂದರು. ಒಬ್ಬೊಬ್ಬರನ್ನೇ ಒಳಗೆ ಕರೆದು ಕೊಂದರು. ಕೂಗು ಕೇಳದಂತೆ ಹೊರಗೆ ಡೋಲು ಕಹಳೆ. ಆಮೇಲೆ ಆ ತಮ್ಮನೇ ಅರಮನೆಗೆ ಹೋಗಿ ರಾಜನನ್ನೇ ಇರಿದ. ರಾಜ ಬಿದ್ದ, ಸತ್ತ ಅಂದುಕೊಂಡರು, ಆದರೆ ಬದುಕಿ ಎದ್ದ. ತಮ್ಮ ಸತ್ತ. ಮಂತ್ರಿ ದಣ್ಣಾಯಕ ಉಳಿದುಕೊಂಡದ್ದು ಹೇಗೆಂದರೆ, ಅವನು ಆಗ ಸಿಂಹಳದ ಕಡೆ ಸಮುದ್ರಯಾನದಲ್ಲಿದ್ದ.

ಸಿನಿಮಾ ಇದ್ದ ಹಾಗಿದೆ, ಅಲ್ವಾ? ಶಾಸನಗಳು ಇದರ ಬಗ್ಗೆ ಬಾಯಿ ಬಿಡುವುದಿಲ್ಲ. ರಾಜನ ಮನೆಯ ಇಂಥ ಜಗಳವನ್ನು ಯಾವ ದಾನಶಾಸನ ಹೇಳೀತು? ಆದರೆ ತೊಂಬತ್ತು ವರ್ಷದ ಮೇಲೆ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಇಂಥದ್ದೇ ಒಂದು ಕತೆ ಬರೆದ. ಅಲ್ಲಿಯೂ ಹೊಸ ಮನೆ, ಔತಣ, ಒಳಗೆ ಕೊಲೆ, ಕಠಾರಿ. ಆದರೆ ಅವನಲ್ಲಿ ಇರಿದದ್ದು ಸೋದರಳಿಯ. ಕಠಾರಿಗೆ ವಿಷ ಸವರಿತ್ತು, ರಾಜ ಆರು ತಿಂಗಳಲ್ಲಿ ಸತ್ತ. ರಾಜನ ಹೆಸರೂ ಬೇರೆ.

ಯಾರದು ಸರಿ? ಇಲ್ಲಿ ಒಂದೊಂದೇ ಎಳೆ ಬಿಡಿಸಬಹುದು. ಘಟನೆ ನಡೆದು ಕೆಲವೇ ತಿಂಗಳಲ್ಲಿ ರಜಾಕ್ ಆ ರಾಜನ ಎದುರೇ ಕೂತ. ಶ್ರವಣಬೆಳಗೊಳದ ಒಂದು ಶಾಸನ ದೇವರಾಯ ತೀರಿಕೊಂಡ ದಿನವನ್ನು ದಾಖಲಿಸಿದೆ: ಕ್ಷಯ ಸಂವತ್ಸರದ ವೈಶಾಖ, ಅಂದರೆ 1446ರ ಮೇ. ಹಾಗಾಗಿ ಆರು ತಿಂಗಳ ಮಾತು ಬಿದ್ದುಹೋಗುತ್ತದೆ. ದಣ್ಣಾಯಕನ ಸಮುದ್ರಯಾನ? ಆ ಕಾಲದ ಮಂತ್ರಿ ಲಕ್ಕಣ್ಣ ದಂಡೇಶ, 'ಶಿವತತ್ವ ಚಿಂತಾಮಣಿ' ಬರೆದ ನಮ್ಮ ಲಕ್ಕಣ್ಣನೇ. ಶಾಸನಗಳಲ್ಲಿ ಅವನಿಗೆ ದಕ್ಷಿಣ ಸಮುದ್ರಾಧೀಶ್ವರ ಅಂತ ಬಿರುದಿದೆ. ರಜಾಕನಿಗೆ ಆ ಬಿರುದು ಗೊತ್ತಿರಲಿಲ್ಲ, ಬಿರುದು ಕೊಟ್ಟವರಿಗೆ ರಜಾಕ್ ಏನು ಬರೆಯುತ್ತಾನೆ ಅಂತ ಗೊತ್ತಿರಲಿಲ್ಲ. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಎರಡು ಸಾಕ್ಷಿಗಳು ಹೀಗೆ ಕೂಡಿಕೊಂಡಾಗ, ಕೇಳಿ ಬರೆದ ಮಾತಾದರೂ ಗಟ್ಟಿಯಾಗುತ್ತದೆ. ನೂನಿಜ್‌ನದು ಮೂರು ತಲೆಮಾರು ಬಾಯಿಂದ ಬಾಯಿಗೆ ಬಂದ ಕತೆ. ಘಟನೆಯ ಆಕಾರ ಉಳಿದಿದೆ, ಸಂಬಂಧಗಳು ಮತ್ತು ಹೆಸರುಗಳು ಜಾರಿವೆ.

ಓದುಗರಿಗೆ ಇನ್ನೊಂದು ಎಚ್ಚರಿಕೆ. ರಜಾಕನನ್ನು ನಾವು ಪಾರ್ಸಿಯಲ್ಲಿ ಓದುವುದಿಲ್ಲ. ಬಹಳ ಕಾಲ ಬಳಕೆಯಲ್ಲಿದ್ದ 1857ರ ಇಂಗ್ಲಿಷ್ ಅನುವಾದ ಫ್ರೆಂಚಿನಿಂದ ಬಂದದ್ದು. ಅದರಿಂದ ಕನ್ನಡಕ್ಕೆ ಬಂದರೆ ಮೂರನೇ ಕೈ. ಮಂಗಳೂರಿನಿಂದ ಘಟ್ಟ ಹತ್ತಿ ಬಂದಾಗ ಅರಮನೆಯಂಥ ಮನೆಗಳಿರುವ ಒಂದು ಊರು ಕಂಡೆ ಅನ್ನುತ್ತಾನೆ. ಒಬ್ಬರು ಅದನ್ನು ಬೇಲೂರು ಅಂತ ಓದುತ್ತಾರೆ, ಇನ್ನೊಬ್ಬರು ಬಿದನೂರು ಅಂತ. ಪಾರ್ಸಿ ಲಿಪಿಯಲ್ಲಿ ಬರೆದ ನಮ್ಮ ಊರ ಹೆಸರಿನಲ್ಲಿ ಒಂದು ಚುಕ್ಕೆ, ಒಂದು ಗೀಟು ಆಚೀಚೆಯಾದರೆ ಊರೇ ಬದಲಾಗುತ್ತದೆ. ಬಿದನೂರು ದೊಡ್ಡ ಊರಾದದ್ದು ಕೆಳದಿ ಅರಸರ ಕಾಲಕ್ಕೆ, 17ನೇ ಶತಮಾನದಲ್ಲಿ. ನಾನು ಬೇಲೂರಿನ ಪರ.

ರಾಯಭಾರಿ ಸಾಕು. ಯಾತ್ರಿಕನ ಹತ್ತಿರ ಹೋಗೋಣ.

"ಹ್ಯೂಯೆನ್‌ತ್ಸಾಂಗ್ ಬಾದಾಮಿಗೆ ಭೇಟಿ ಕೊಟ್ಟು ಇಮ್ಮಡಿ ಪುಲಕೇಶಿಯನ್ನು ಹೊಗಳಿದ." ಇದನ್ನು ನಾನೂ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೇನೆ. ಆ ಚೀನೀ ಭಿಕ್ಷುವಿನ ಬರಹದಲ್ಲಿ ಬಾದಾಮಿ ಎಂಬ ಹೆಸರೇ ಇಲ್ಲ. ವಾತಾಪಿಯೂ ಇಲ್ಲ, ಚಾಲುಕ್ಯ ಎಂಬ ಮಾತೂ ಇಲ್ಲ. ಇರುವುದು ಮಹಾರಾಷ್ಟ್ರ ಎಂಬ ದೇಶ, ಪುಲಕೇಶಿ ಎಂಬ ಕ್ಷತ್ರಿಯ ರಾಜ, ಮತ್ತು ಹೆಸರಿಲ್ಲದ ಒಂದು ರಾಜಧಾನಿ. ಅದರ ಸುತ್ತಳತೆ ಮೂವತ್ತು ಲೀ, ಪಶ್ಚಿಮಕ್ಕೆ ಒಂದು ದೊಡ್ಡ ನದಿ. ಬಾದಾಮಿಗೆ ಹೋದವರು ಹೇಳಿ, ಊರ ಪಶ್ಚಿಮಕ್ಕೆ ದೊಡ್ಡ ನದಿ ಎಲ್ಲಿದೆ? ಅಲ್ಲಿರುವುದು ಅಗಸ್ತ್ಯತೀರ್ಥ ಎಂಬ ಕೆರೆ. ಮಲಪ್ರಭೆ ಕೆಲವು ಕಿಲೋಮೀಟರ್ ಆಚೆ ಹರಿಯುತ್ತದೆ, ಅದೂ ಪಶ್ಚಿಮಕ್ಕಲ್ಲ.

ದಾರಿಯನ್ನು ಹಿಡಿದು ನೋಡೋಣ. ಈ ರಾಜಧಾನಿ ಬಿಟ್ಟು ಪಶ್ಚಿಮಕ್ಕೆ ಸಾವಿರ ಲೀ ಹೋಗಿ, ನರ್ಮದೆ ದಾಟಿ ಭರೂಚ್ ತಲುಪಿದ ಅಂತ ಇದೆ. ಒಂದು ಲೀ ಅರ್ಧ ಕಿಲೋಮೀಟರಿಗಿಂತ ಸ್ವಲ್ಪ ಕಮ್ಮಿ ಅಂತಿಟ್ಟುಕೊಳ್ಳಿ. ಸಾವಿರ ಲೀ ಅಂದರೆ ನಾನೂರು ನಾನೂರೈವತ್ತು ಕಿಲೋಮೀಟರ್. ಬಾದಾಮಿಯಿಂದ ಭರೂಚ್‌ಗೆ ನೇರ ಗೆರೆ ಎಳೆದರೂ ಏಳುನೂರು ಬರುತ್ತದೆ. ದಿಕ್ಕೂ ಪಶ್ಚಿಮ ಅಲ್ಲ, ಉತ್ತರ. ಅದಕ್ಕೇ ಗೋದಾವರಿ ದಡದ ನಾಸಿಕ್ ಇರಬಹುದು ಅಂತ ಹಲವರು ಹೇಳುತ್ತಾರೆ. ಅಲ್ಲಿಂದ ದೂರ ಕಡಿಮೆಯಾಯಿತು, ಸರಿಯಾಗಿ ಕೂರುವುದಿಲ್ಲ. ಆದರೂ ನದಿ ಇದೆ. ಬಹುಶಃ ರಾಜನ ಬೀಡು ಆಗ ಉತ್ತರದಲ್ಲಿತ್ತು. ಯಾತ್ರಿಕನಿಗೆ ರಾಜ ಇದ್ದ ಊರೇ ರಾಜಧಾನಿ. ಅವನು ಬಂದದ್ದು 641ರ ಹೊತ್ತಿಗೆ, ಬರೆಸಿದ್ದು 646ರಲ್ಲಿ ತನ್ನ ಚಕ್ರವರ್ತಿಗಾಗಿ. ಈ ನಡುವೆ 642ರಲ್ಲಿ ಪಲ್ಲವರು ವಾತಾಪಿಯನ್ನು ಹಿಡಿದು, ಪುಲಕೇಶಿಯ ಕಾಲವೇ ಮುಗಿದಿತ್ತು. ಬರಹದಲ್ಲಿ ಅದರ ಸುಳಿವೇ ಇಲ್ಲ. ಅಲ್ಲಿ ಪುಲಕೇಶಿ ಇನ್ನೂ ಗೆಲ್ಲುತ್ತಲೇ ಇದ್ದಾನೆ.

ಹರ್ಷನ ವಿಷಯದಲ್ಲಿ ಮಾತ್ರ ಈ ಯಾತ್ರಿಕನ ಸಾಕ್ಷಿಗೆ ತೂಕ ಬಹಳ. ಐಹೊಳೆಯ ಮೇಗುಟಿ ಬಸದಿಯ ಗೋಡೆಯಲ್ಲಿ ರವಿಕೀರ್ತಿ 634ರಲ್ಲಿ ಬರೆದ ಶಾಸನ ಇದೆಯಲ್ಲ, ಅದು ಹರ್ಷನ ಹರ್ಷವೇ ಭಯದಿಂದ ಇಳಿದುಹೋಯಿತು ಅನ್ನುತ್ತದೆ. ಚೆನ್ನಾದ ಶ್ಲೇಷೆ. ಆದರೆ ಬರೆದವನು ಪುಲಕೇಶಿಯ ಕವಿ, ಗೆದ್ದೆವು ಅಂತಲೇ ಬರೆಯಬೇಕು. ಹ್ಯೂಯೆನ್‌ತ್ಸಾಂಗ್ ಹಾಗಲ್ಲ, ಅವನು ಹರ್ಷನ ಅತಿಥಿ, ಹರ್ಷನಿಂದ ಸನ್ಮಾನ ಪಡೆದವನು. ಅಂಥವನು ಬರೆಯುತ್ತಾನೆ: ಹರ್ಷ ಇಡೀ ಭಾರತದಿಂದ ಸೈನ್ಯ ಸೇರಿಸಿ ತಾನೇ ಮುಂದೆ ನಿಂತು ಹೋದ, ಆದರೂ ಈ ಜನರನ್ನು ಗೆಲ್ಲಲಿಲ್ಲ. ತನ್ನ ಉಪಕಾರಿಗೆ ಹಿತವಲ್ಲದ ಮಾತನ್ನು ಯಾತ್ರಿಕ ಹೇಳಿದಾಗ ನಂಬಬಹುದು. ಅವನು "ಗೆಲ್ಲಲಿಲ್ಲ" ಅಂದದ್ದನ್ನು, ಕವಿ "ಭಯಪಟ್ಟ" ಅಂದದ್ದನ್ನು ಪಕ್ಕಪಕ್ಕ ಇಟ್ಟರೆ, ನಡುವೆ ಎಲ್ಲೋ ನರ್ಮದೆ ಸಿಗುತ್ತದೆ.

ಆ ಜನರ ಸ್ವಭಾವದ ಬಗ್ಗೆ ಅವನ ಮಾತು ನಮಗೆಲ್ಲ ಇಷ್ಟ. ಉಪಕಾರ ಮಾಡಿದವರನ್ನು ಮರೆಯುವುದಿಲ್ಲ, ಅವಮಾನ ಮಾಡಿದವರನ್ನು ಬಿಡುವುದಿಲ್ಲ, ಸೇಡು ತೀರಿಸುವ ಮುಂಚೆ ಎಚ್ಚರಿಕೆ ಕೊಟ್ಟೇ ಬರುತ್ತಾರೆ. ಓದುವಾಗ ನನಗೆ ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನ ನೆನಪಾಗುತ್ತದೆ: "ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ, ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್." ಅದು ಕ್ರಿಸ್ತಶಕ 700ರ ಸುಮಾರಿನದು, ಯಾತ್ರಿಕ ಬಂದು ಹೋದ ಅರವತ್ತು ವರ್ಷಕ್ಕೆ. ಹೊಂದಿಕೆ ಕಂಡು ಖುಷಿಯಾಗುತ್ತದೆ ನಿಜ. ಆದರೆ ಇದರಿಂದ ಆ ಕಾಲದ ಜನರೆಲ್ಲ ಹಾಗಿದ್ದರು ಅಂತ ಆಗುವುದಿಲ್ಲ. ತಾವು ಹಾಗೆ ಅಂತ ಅಲ್ಲಿನ ವೀರರು ಹೇಳಿಕೊಳ್ಳುತ್ತಿದ್ದರು ಅಂತ ಆಗುತ್ತದೆ. ಹೊರಗಿನವನು ಬಂದು ಕೇಳಿದಾಗ ಅದನ್ನೇ ಹೇಳಿದರು, ಅವನು ಬರೆದುಕೊಂಡ. ಹೊಲ ಉಳುವವನನ್ನು ಅವನು ಕೇಳಿರಲಾರ.

ಕೊನೆಗೆ ಒಂದು ಗುಹೆ. ಆ ದೇಶದ ಪೂರ್ವದ ಬೆಟ್ಟದ ಕತ್ತಲ ಕಣಿವೆಯಲ್ಲಿ ಬಂಡೆ ಕೊರೆದ ಒಂದು ವಿಹಾರ ಇದೆ ಅನ್ನುತ್ತಾನೆ. ಅದು ಅಜಂತಾ ಅಂತ ಎಲ್ಲರೂ ಒಪ್ಪುತ್ತಾರೆ. ಒಳಗೆ ಎಪ್ಪತ್ತು ಅಡಿ ಎತ್ತರದ ಬುದ್ಧ, ಮೇಲೆ ಏಳು ಕಲ್ಲಿನ ಛತ್ರಿಗಳು, ಯಾವುದಕ್ಕೂ ಆಧಾರವಿಲ್ಲ, ಒಂದಕ್ಕೂ ಇನ್ನೊಂದಕ್ಕೂ ಮೂರಡಿ ಅಂತರ, ಗಾಳಿಯಲ್ಲಿ ನಿಂತಿವೆ. ಬಾಗಿಲಲ್ಲಿ ಕಲ್ಲಾನೆಗಳು. ಅವು ಒಮ್ಮೊಮ್ಮೆ ಘೀಳಿಟ್ಟರೆ ಭೂಮಿ ನಡುಗುತ್ತದೆ. ಅಜಂತಾದಲ್ಲಿ ಅಂಥ ಬುದ್ಧನೂ ಇಲ್ಲ, ತೇಲುವ ಛತ್ರಿಗಳೂ ಇಲ್ಲ. ಕಲ್ಲಾನೆಗಳು ಮಾತ್ರ ಇವೆ, 16ನೇ ಗುಹೆಗೆ ಹತ್ತುವ ಮೆಟ್ಟಿಲ ಬಳಿ, ಎಡಕ್ಕೊಂದು ಬಲಕ್ಕೊಂದು. ಅವನು ಅಲ್ಲಿಗೆ ಹೋಗಿರಲಿಲ್ಲ, ಹೋದವರಿಂದ ಕೇಳಿ ಬರೆದ ಅಂತಲೇ ನನ್ನ ಅನುಮಾನ. ಆನೆ ಘೀಳಿಡುವ ಕತೆ ಓದಿದ ಮೇಲೆ 'ಇದೆಲ್ಲ ಅಡುಗೂಲಜ್ಜಿ ಕತೆ' ಅಂತ ಆ ಪುಟ ಮಗುಚಿಬಿಡಬಹುದಿತ್ತು. ಆದರೆ ಅದೇ ಜಾಗದಲ್ಲಿ ಅವನು ಇನ್ನೊಂದು ಮಾತು ಹೇಳುತ್ತಾನೆ: ಈ ವಿಹಾರ ಕಟ್ಟಿಸಿದವನು ಅಚಲ ಎಂಬ ಅರ್ಹತ.

26ನೇ ಗುಹೆಯ ಗೋಡೆಯ ಮೇಲೆ ಒಂದು ಸಂಸ್ಕೃತ ಶಾಸನ ಇದೆ. ಅವನು ಬರುವುದಕ್ಕೆ ಸುಮಾರು ಒಂದೂವರೆ ಶತಮಾನ ಮುಂಚಿನದು. ಅದರಲ್ಲಿ ಶಿಲೆಯಲ್ಲಿ ಮನೆ ಮಾಡಿಸಿದ ಒಬ್ಬ ಸ್ಥವಿರನ, ಅಂದರೆ ಹಿರಿಯ ಭಿಕ್ಷುವಿನ, ಹೆಸರು ಬರುತ್ತದೆ. ಆ ಹೆಸರು ಅಚಲ.